ಅಪ್ಪನ ಕಾಲು ನೆಲಕ್ಕೆ ತಾಗಬೇಕು

ಗೃಹಪ್ರವೇಶದ ಬೆಳಗು. ಹಾಲು ಉಕ್ಕಿದ್ದಾಗಿದೆ, ಹೋಮದ ಹೊಗೆ ಇನ್ನೂ ಕಿಟಕಿಯಿಂದ ಹೊರಗೆ ಹೋಗುತ್ತಿದೆ. ತಿಂಡಿಗೆ ಎಲೆ ಹಾಕುವ ಮೊದಲು ಯಾರೋ ಕೂಗುತ್ತಾರೆ, "ಎಲ್ರೂ ಆಚೆ ಬನ್ನಿ, ಒಂದು ಗ್ರೂಪ್ ಫೋಟೊ ತೆಗೆದುಬಿಡೋಣ." ಮಾವಿನ ತೋರಣದ ಕೆಳಗೆ, ರಂಗೋಲಿ ತುಳಿಯದ ಹಾಗೆ, ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳು ಒಂದು ಸಾಲಾಗಿ ನಿಲ್ಲುತ್ತಾರೆ. ನಡುವೆ ಅಮ್ಮ. ಅಮ್ಮನ ಬಲಗಡೆ, ಯಾರೂ ಹೇಳದಿದ್ದರೂ, ಒಂದು ಆಳಿನಷ್ಟು ಜಾಗ ತಾನೇ ತಾನಾಗಿ ಖಾಲಿ ಉಳಿಯುತ್ತದೆ. ಸೈಟು ಕೊಂಡವರು ಅಪ್ಪ. ಪಾಯ ತೆಗೆಯುವ ದಿನ ನೋಡಲು ಅವರಿರಲಿಲ್ಲ.

ವಾರ ಕಳೆದ ಮೇಲೆ ಆ ಫೋಟೊ, ಜೊತೆಗೆ ಅಪ್ಪನದೊಂದು ಹಳೆಯ ಫೋಟೊ, ಎರಡನ್ನೂ ಹಿಡಿದುಕೊಂಡು ಮಗ ಸ್ಟುಡಿಯೊ ಮೆಟ್ಟಿಲು ಹತ್ತುತ್ತಾನೆ. "ಅಮ್ಮನ ಪಕ್ಕ ಅಪ್ಪನ್ನ ನಿಲ್ಲಿಸಿಕೊಡಿ." ರಾಜಾಜಿನಗರವಾಗಲಿ ವಿಜಯನಗರವಾಗಲಿ ಬಸವೇಶ್ವರನಗರವಾಗಲಿ, ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುವ ಸ್ಟುಡಿಯೊಗಳಿಗೆ ಈ ಕೋರಿಕೆ ಹೊಸದಲ್ಲ. ಕೆಲಸ ಬಲ್ಲವರು ಮೊದಲು ಕೇಳುವ ಪ್ರಶ್ನೆ ಮಾತ್ರ ಮಗ ನಿರೀಕ್ಷಿಸದೇ ಇದ್ದದ್ದು: "ಕಾಲು ಕಾಣೋ ಫೋಟೊ ಇದೆಯಾ ಸಾರ್?"

ಮುಖ ಚೆನ್ನಾಗಿ ಬಂದಿದೆಯೇ ಎಂದಷ್ಟೇ ನೋಡಿ ಮಗ ಆ ಫೋಟೊ ಆರಿಸಿದ್ದಾನೆ. ಆದರೆ ಸೇರಿಸಿದ ಮನುಷ್ಯ ಸಿಕ್ಕಿಬೀಳುವುದು ಮುಖದಲ್ಲಿ ಅಲ್ಲ, ಪಾದದಲ್ಲಿ.

ಕಣ್ಣು ಬಿಟ್ಟುಕೊಡುವ ತಪ್ಪು, ಬಿಡದ ತಪ್ಪು

ನೆರಳು ನೋಡುವುದರಲ್ಲಿ ನಮ್ಮ ಕಣ್ಣಿಗೆ ಒಂದು ವಿಚಿತ್ರ ಗುಣವಿದೆ. ತಿದ್ದಿದ ಫೋಟೊಗಳನ್ನು ಪತ್ತೆ ಹಚ್ಚುವ ವಿದ್ಯೆಯಲ್ಲಿ ಹೆಸರಾದ ಹ್ಯಾನಿ ಫರೀದ್ ಮತ್ತು ಮೇರಿ ಬ್ರಾವೊ 2010ರಲ್ಲಿ ಇದನ್ನು ಪರೀಕ್ಷಿಸಿದ್ದರು. ಒಂದೇ ಚಿತ್ರದಲ್ಲಿ ಎರಡು ವಸ್ತುಗಳ ನೆರಳು ಬೇರೆ ಬೇರೆ ದಿಕ್ಕಿಗೆ ಬಿದ್ದಿದ್ದರೂ ನೋಡುವವರು ಅದನ್ನು ಗುರುತಿಸುವುದರಲ್ಲಿ ತೀರಾ ಹಿಂದೆ ಎಂದು ಗೊತ್ತಾಯಿತು. ಅಂದರೆ ನೆರಳಿನ ಕೋನ ಸ್ವಲ್ಪ ಆಚೀಚೆ ಆದರೆ ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಪ್ರಯೋಗವನ್ನು ಇಟ್ಟು ನೋಡಬೇಕು. ಡೇನಿಯಲ್ ಕರ್ಸ್ಟನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ್ದು. ಪೆಟ್ಟಿಗೆಯೊಳಗೆ ಒಂದು ಚೆಂಡು ಓರೆಯಾಗಿ ಸಾಗುವ ಚಲನಚಿತ್ರ. ಚೆಂಡಿನ ದಾರಿ ಎರಡು ಬಾರಿಯೂ ಒಂದೇ, ಗಾತ್ರವೂ ಒಂದೇ. ನೆರಳು ಚೆಂಡಿಗೆ ಅಂಟಿಕೊಂಡೇ ಸಾಗಿದರೆ ಚೆಂಡು ನೆಲದ ಮೇಲೆ ಉರುಳುತ್ತಾ ಹಿಂದಕ್ಕೆ ಹೋದಂತೆ ಕಾಣುತ್ತದೆ. ನೆರಳು ಚೆಂಡಿನಿಂದ ಬಿಡಿಸಿಕೊಂಡು ಕೆಳಗೇ ಉಳಿದರೆ ಅದೇ ಚೆಂಡು ಗಾಳಿಯಲ್ಲಿ ಮೇಲೇರಿದಂತೆ ಕಾಣುತ್ತದೆ. ವಸ್ತು ಎಲ್ಲಿದೆ ಎಂಬುದನ್ನು ತೀರ್ಮಾನಿಸಿದ್ದು ವಸ್ತುವಲ್ಲ, ಅದಕ್ಕೂ ನೆರಳಿಗೂ ನಡುವಿನ ಅಂತರ.

ಎರಡನ್ನೂ ಸೇರಿಸಿ ನೋಡಿದರೆ ಸ್ಟುಡಿಯೊದವರ ಪ್ರಶ್ನೆ ಅರ್ಥವಾಗುತ್ತದೆ. ನೆರಳು ಹತ್ತು ಡಿಗ್ರಿ ತಿರುಗಿದ್ದರೆ ಕಣ್ಣು ಸುಮ್ಮನಿರುತ್ತದೆ. ಹಿಮ್ಮಡಿಗೂ ನೆರಳಿಗೂ ಮಧ್ಯೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಅಪ್ಪ ತೇಲುತ್ತಾರೆ. ನಮ್ಮ ಬಂಧುಗಳ ಮನೆಯೊಂದರ ಗೋಡೆಯಲ್ಲಿ ಇಂಥ ಒಂದು ಪಟವಿದೆ. ಮುಖ, ಬಣ್ಣ, ನಗು ಎಲ್ಲವೂ ಸರಿ. ಆದರೂ ಅಜ್ಜ ಎಲ್ಲರಿಗಿಂತ ಮುಂದೆ, ಗಾಜಿಗೆ ಅಂಟಿಸಿದಂತೆ ಕಾಣುತ್ತಾರೆ. ಎಷ್ಟೋ ವರ್ಷ ನೋಡಿದ ಮೇಲೆ ನನಗೆ ಕಾರಣ ಹೊಳೆದದ್ದು: ಅವರ ಪಾದದ ಕೆಳಗೆ ಕಪ್ಪೇ ಇಲ್ಲ.

ಎತ್ತರದ ಗೆರೆ

ಒಂದು ಫೋಟೊವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಡೀ ಕೆಲಸವನ್ನು ಹಂತ ಹಂತವಾಗಿ ಮಾಡಿ ನೋಡೋಣ. ಕೆಂಗೇರಿ ಉಪನಗರದಲ್ಲಿ ಪೂರ್ವದ ಬಾಗಿಲಿನ ಒಂದು ಮನೆ. ಎದುರಿಗೆ ಖಾಲಿ ಸೈಟು. ಫೆಬ್ರವರಿ ಎರಡನೇ ವಾರದ ಬೆಳಗ್ಗೆ ಒಂಬತ್ತೂವರೆ. ಮನೆಯವರು ಗೋಡೆಯಿಂದ ನಾಲ್ಕು ಅಡಿ ಮುಂದೆ ಸಾಲಾಗಿ ನಿಂತಿದ್ದಾರೆ. ಫೋಟೊ ತೆಗೆದವರು ಅವರಿಂದ ಹನ್ನೆರಡು ಅಡಿ ದೂರದಲ್ಲಿ, ಐದು ಅಡಿ ಎತ್ತರದಲ್ಲಿ ಮೊಬೈಲ್ ಹಿಡಿದಿದ್ದಾರೆ.

ಮೊದಲ ಪ್ರಶ್ನೆ, ಅಪ್ಪ ಎಷ್ಟು ಎತ್ತರ ಕಾಣಬೇಕು? ಹೆಚ್ಚಿನವರು ಅಂದಾಜಿನಲ್ಲಿ ಹಿಗ್ಗಿಸಿ ಕುಗ್ಗಿಸಿ ಮುಖಗಳು ಒಂದೇ ಗಾತ್ರಕ್ಕೆ ಬಂದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಅದರ ಬದಲು ಮಗನನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಮಗ ಐದು ಅಡಿ ಎಂಟು ಇಂಚು, ಎಂದರೆ 68 ಇಂಚು. ಫೋಟೊದಲ್ಲಿ ಅವನು ಅಂಗಾಲಿನಿಂದ ನೆತ್ತಿಯವರೆಗೆ 1,360 ಪಿಕ್ಸೆಲ್ ಇದ್ದಾನೆ ಎಂದುಕೊಳ್ಳಿ. ಇಂಚಿಗೆ 20 ಪಿಕ್ಸೆಲ್ ಆಯಿತು. ಐದಡಿ ನಾಲ್ಕಿಂಚಿನ ಅಪ್ಪ ಅದೇ ಸಾಲಿನಲ್ಲಿ ನಿಂತರೆ 1,280 ಪಿಕ್ಸೆಲ್ ಇರಬೇಕು.

ಅಪ್ಪನ ಎತ್ತರ ಯಾರಿಗೂ ನೆನಪಿಲ್ಲ ಎನ್ನುವ ಮನೆಗಳೇ ಹೆಚ್ಚು. ಅದಕ್ಕೂ ದಾರಿ ಇದೆ. ಅಪ್ಪ ಅಮ್ಮ ಅಕ್ಕಪಕ್ಕ ನಿಂತ ಯಾವುದಾದರೂ ಹಳೆಯ ಫೋಟೊದಲ್ಲಿ ಅಮ್ಮನ ನೆತ್ತಿ ಅಪ್ಪನ ಮುಖದ ಯಾವ ಮಟ್ಟಕ್ಕೆ ಬರುತ್ತದೆ ಎಂದು ನೋಡಿದರೆ ಸಾಕು. ಕಿವಿಯ ತುದಿಗೋ, ಮೂಗಿನ ಮಟ್ಟಕ್ಕೋ. ಹೊಸ ಫೋಟೊದಲ್ಲೂ ಹಾಗೆಯೇ ಬರಬೇಕು. ಒಂದೇ ಎಚ್ಚರ, ವಯಸ್ಸಾದ ಮೇಲೆ ಅಮ್ಮ ಸ್ವಲ್ಪ ಕುಗ್ಗಿರುತ್ತಾರೆ, ಬೆನ್ನು ಬಾಗಿರುತ್ತದೆ. ಇಪ್ಪತ್ತು ವರ್ಷದ ಹಿಂದಿನ ಅಳತೆಯನ್ನು ಇವತ್ತಿನ ಅಮ್ಮನ ಪಕ್ಕ ತರುವಾಗ ಅದನ್ನೂ ಕಳೆಯಬೇಕು.

ಅಪ್ಪನನ್ನು ಹಿಂದೆ ಸರಿಸಿದರೆ ಲೆಕ್ಕ ಬದಲಾಗುತ್ತದೆ. ಎರಡು ಅಡಿ ಹಿಂದೆ ನಿಂತರೆ ಅವರು ಕ್ಯಾಮೆರಾದಿಂದ ಹದಿನಾಲ್ಕು ಅಡಿ ದೂರ, ಹಾಗಾಗಿ ಹದಿನಾಲ್ಕರಲ್ಲಿ ಹನ್ನೆರಡು ಪಾಲಿಗೆ ಕುಗ್ಗಿ ಸುಮಾರು 1,100 ಪಿಕ್ಸೆಲ್ ಆಗುತ್ತಾರೆ. ಎಷ್ಟೋ ಕಡೆ ಕುಗ್ಗಿಸುವುದನ್ನು ಮಾಡಿ, ಪಾದವನ್ನು ಮೇಲೆತ್ತುವುದನ್ನು ಮರೆಯುತ್ತಾರೆ. ಆಗ ಅಪ್ಪ ದೂರ ನಿಂತವರಂತೆ ಕಾಣದೆ, ಹತ್ತಿರವೇ ನಿಂತ ಗಿಡ್ಡ ಮನುಷ್ಯನಂತೆ ಕಾಣುತ್ತಾರೆ.

ಎರಡನ್ನೂ ಒಟ್ಟಿಗೆ ಸರಿಪಡಿಸುವ ಒಂದು ಗೆರೆ ಇದೆ. ಸಮತಟ್ಟಾದ ನೆಲದ ಮೇಲೆ ಕ್ಯಾಮೆರಾದ ಎತ್ತರದಲ್ಲಿ ಅಡ್ಡಗೆರೆ ಎಳೆದರೆ ಅದು ಹತ್ತಿರದವರನ್ನೂ ದೂರದವರನ್ನೂ ಒಂದೇ ಎತ್ತರದಲ್ಲಿ ಕತ್ತರಿಸುತ್ತದೆ. ನಮ್ಮ ಫೋಟೊದಲ್ಲಿ ಆ ಎತ್ತರ ಐದು ಅಡಿ. ಅಪ್ಪ ಐದಡಿ ನಾಲ್ಕಿಂಚು, ಆದ್ದರಿಂದ ಗೆರೆ ಅವರ ನೆತ್ತಿಯಿಂದ ನಾಲ್ಕು ಇಂಚು ಕೆಳಗೆ, ಹೆಚ್ಚುಕಡಿಮೆ ಕಣ್ಣಿನ ಮೇಲೆ ಹಾಯಬೇಕು. ಮುಂದೆ ನಿಂತರೂ ಕಣ್ಣಿನ ಮೇಲೆ, ಹಿಂದೆ ಗೋಡೆಯ ಹತ್ತಿರ ನಿಂತರೂ ಕಣ್ಣಿನ ಮೇಲೆ. ಗೆರೆ ಎಲ್ಲಿದೆ ಎಂದು ತಿಳಿಯಲು ನೆಲದ ಟೈಲ್ಸ್‌ನ ಉದ್ದ ಸಂದುಗಳನ್ನು ಹಿಂದಕ್ಕೆ ಎಳೆದು ನೋಡಿ. ಅವು ಕೂಡುವ ಬಿಂದು ಆ ಗೆರೆಯ ಮೇಲೇ ಇರುತ್ತದೆ. ಅಪ್ಪ ಮೆಟ್ಟಿಲ ಮೇಲೋ ರ‍್ಯಾಂಪ್ ಮೇಲೋ ನಿಂತಿದ್ದರೆ ಮಾತ್ರ ಆ ಏರಿದ ಇಂಚುಗಳನ್ನು ಸೇರಿಸಿಕೊಳ್ಳಬೇಕು.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಚಿಂತೆಯಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಲಿಯಂ ನಾಟ್ಮನ್ ಎಂಬ ಸ್ಟುಡಿಯೊ ಮಾಲೀಕ 1870ರಲ್ಲಿ ನೂರಾರು ಜನರನ್ನು ಒಬ್ಬೊಬ್ಬರಾಗಿ ಸ್ಟುಡಿಯೊಗೆ ಕರೆಸಿ ಫೋಟೊ ತೆಗೆದು, ಕತ್ತರಿಸಿ, ಚಿತ್ರಿಸಿದ ಹಿನ್ನೆಲೆಯ ಮೇಲೆ ಅಂಟಿಸಿ ಒಂದು ಸ್ಕೇಟಿಂಗ್ ಉತ್ಸವದ ಗುಂಪುಚಿತ್ರ ಮಾಡಿದ್ದ. ಯಾರು ಎಷ್ಟು ದೂರದಲ್ಲಿ ನಿಂತಂತೆ ಕಾಣಬೇಕು ಎನ್ನುವುದನ್ನು ಅಂಟಿಸುವ ಮೊದಲೇ ತೀರ್ಮಾನಿಸಿ ಅಷ್ಟೇ ಗಾತ್ರಕ್ಕೆ ಪ್ರಿಂಟ್ ಹಾಕಬೇಕಿತ್ತು. ತಪ್ಪಿದರೆ ಮತ್ತೆ ಕತ್ತಲೆ ಕೋಣೆಗೆ ಹೋಗಬೇಕು.

ಒಂಬತ್ತೂವರೆಯ ಬಿಸಿಲು

ಫೆಬ್ರವರಿ ಎರಡನೇ ವಾರ ಒಂಬತ್ತೂವರೆಗೆ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಮೇಲೆ, ಪೂರ್ವದಿಂದ 30 ಡಿಗ್ರಿಯಷ್ಟು ದಕ್ಷಿಣಕ್ಕೆ ಇರುತ್ತಾನೆ. ಆ ಹೊತ್ತಿಗೆ ಸಮತಟ್ಟು ನೆಲದಲ್ಲಿ ನಮ್ಮ ನೆರಳು ನಮ್ಮ ಎತ್ತರದ ಒಂದೂಕಾಲು ಪಾಲಿಗಿಂತ ಸ್ವಲ್ಪ ಉದ್ದ. ಪೂರ್ವದ ಬಾಗಿಲಿನ ಮನೆಯ ಮುಂದೆ ನಿಂತು ಫೋಟೊ ತೆಗೆಯುವವರಿಗೆ ಸೂರ್ಯ ಬೆನ್ನ ಹಿಂದೆ, ಎಡಕ್ಕೆ. ನೆರಳುಗಳು ಮನೆಯ ಕಡೆಗೆ, ಸ್ವಲ್ಪ ಬಲಕ್ಕೆ ಓರೆಯಾಗಿ ಬೀಳುತ್ತವೆ.

ಈಗ ಅಪ್ಪನನ್ನು ಸಾಲಿನ ಬಲತುದಿಯಲ್ಲಿ ನಿಲ್ಲಿಸಿದೆವು ಎನ್ನಿ. ಅಂಚಿನಲ್ಲಿ ಸೇರಿಸುವುದು ಸುಲಭ ಎಂದು ಎಲ್ಲರೂ ಮಾಡುವುದು ಅದನ್ನೇ. ಅಲ್ಲಿ ಅವರ ನೆರಳು ಪೂರ್ತಿ ಬಯಲಿಗೆ ಬೀಳುತ್ತದೆ. ಐದಡಿ ನಾಲ್ಕಿಂಚಿನ ಮನುಷ್ಯನ ನೆರಳು ನೆಲದಲ್ಲಿ ಏಳು ಅಡಿ ಚಾಚಬೇಕು, ಆದರೆ ಗೋಡೆ ಇರುವುದು ನಾಲ್ಕೇ ಅಡಿ ಹಿಂದೆ. ಓರೆಯಾಗಿ ಸಾಗುವುದರಿಂದ ನಾಲ್ಕೂವರೆ ಅಡಿಗೆ ಸ್ವಲ್ಪ ಮೇಲೆ ಹೋಗಿ ನೆರಳು ಗೋಡೆಯ ಬುಡ ಮುಟ್ಟುತ್ತದೆ, ಅಲ್ಲಿ ಮುರಿದು ನೇರವಾಗಿ ಗೋಡೆ ಹತ್ತುತ್ತದೆ. ಎದೆ, ಹೆಗಲು, ತಲೆ ಎಲ್ಲ ಗೋಡೆಯ ಮೇಲೆ, ನೆಲದಿಂದ ಎರಡಡಿಗೆ ತುಸು ಕಡಿಮೆ ಎತ್ತರದವರೆಗೆ. ಅಪ್ಪನಿಂದ ಬಲಕ್ಕೆ ಎರಡೂಕಾಲು ಅಡಿ ಸರಿದು.

ಇಲ್ಲೇ ಕೆಲಸ ಕೆಡುವುದು. ಕತ್ತರಿಸಿದ ಆಕೃತಿಗೆ ಕಪ್ಪು ತುಂಬಿ, ಓರೆಯಾಗಿ ಮಲಗಿಸಿ, ಮಸುಕು ಮಾಡಿ ಬಿಟ್ಟರೆ ನೆರಳು ಗೋಡೆ ಇಲ್ಲವೆಂಬಂತೆ ನೇರ ಸಾಗಿಬಿಡುತ್ತದೆ. ಅದನ್ನು ಗೋಡೆಯ ಬುಡದಲ್ಲಿ ಎರಡು ತುಂಡು ಮಾಡಬೇಕು. ನೆಲದ ತುಂಡು ಓರೆ, ಗೋಡೆಯ ತುಂಡು ನೆಟ್ಟಗೆ. ಎಷ್ಟು ಎತ್ತರ ಎಂದು ತ್ರಿಕೋನಮಿತಿ ಮಾಡಬೇಕಾಗಿಲ್ಲ, ಪಕ್ಕದಲ್ಲಿರುವ ಅಳಿಯನ ನೆರಳು ಗೋಡೆಯಲ್ಲಿ ಎಲ್ಲಿಯವರೆಗೆ ಹತ್ತಿದೆ ಎಂದು ನೋಡಿಕೊಂಡರೆ ಆಯಿತು. ಅಳಿಯ ಅಪ್ಪನಿಗಿಂತ ಎಷ್ಟು ಇಂಚು ಎತ್ತರವೋ ಅವನ ನೆರಳೂ ಗೋಡೆಯಲ್ಲಿ ಅಷ್ಟೇ ಇಂಚು ಎತ್ತರ.

ಇನ್ನು ಅಮ್ಮನ ಪಕ್ಕದ ಜಾಗ ನೋಡಿ. ಅಮ್ಮನ ಬಲಗಡೆ ಎಂದರೆ ಫೋಟೊ ನೋಡುವವರಿಗೆ ಎಡ. ಅಲ್ಲಿ ನಿಂತ ಅಪ್ಪನ ನೆರಳು ಹಿಂದಕ್ಕೆ, ಬಲಕ್ಕೆ ಹೋಗಿ ಅಮ್ಮನ ಸೀರೆಯ ಮರೆಗೆ ಸೇರುತ್ತದೆ. ಕಾಣುವುದು ಇಬ್ಬರ ನಡುವೆ ಒಂದು ತುಂಡು ಮಾತ್ರ. ಅಂಚಿಗಿಂತ ನಡುವೆ ನಿಲ್ಲಿಸುವುದೇ ನೆರಳಿನ ಮಟ್ಟಿಗೆ ಹಗುರ. ಕಷ್ಟ ಇರುವುದು ಜಾಗದ್ದು. ಫೋಟೊ ತೆಗೆಯುವಾಗ ಎಡೆ ಬಿಟ್ಟಿರದಿದ್ದರೆ ಸಾಲನ್ನು ಎರಡು ಭಾಗ ಮಾಡಿ ಒಂದು ಪಕ್ಕದವರನ್ನೆಲ್ಲ ಅವರವರ ನೆರಳಿನ ಸಮೇತ ಸರಿಸಬೇಕು, ಹಿಂದಿನ ಬಾಗಿಲು, ತೋರಣ, ಟೈಲ್ಸ್ ಸಂದು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಆದರೂ ನನ್ನ ಮಾತು ಕೇಳುವುದಾದರೆ ಆ ಶ್ರಮ ಪಡಿ. ಅಪ್ಪ ಮನೆಯ ಯಜಮಾನ. ಅಳಿಯನ ಆಚೆ ಪಕ್ಕ, ಕೊನೆಗೆ ಬಂದು ಸೇರಿಕೊಂಡವರ ಹಾಗೆ ಅವರನ್ನು ನಿಲ್ಲಿಸಿದರೆ ನೆರಳು ಎಷ್ಟೇ ಸರಿಯಿದ್ದರೂ ಅಮ್ಮನಿಗೆ ಪಟ ಸರಿ ಕಾಣುವುದಿಲ್ಲ.

ಎಲ್ಲ ಬೀದಿಯಲ್ಲೂ ಇಷ್ಟು ಬಿಸಿಲಿಲ್ಲ. ವಿಜಯನಗರದ ಕ್ರಾಸ್‌ಗಳಲ್ಲಿ ಎದುರಿಗೆ ಮೂರಂತಸ್ತಿನ ಕಟ್ಟಡ ಇದ್ದರೆ ಅದೇ ಒಂಬತ್ತೂವರೆಗೆ ಅದರ ನೆರಳು ಮೂವತ್ತಡಿ ರಸ್ತೆ ದಾಟಿ ಈಚೆ ಮನೆಯ ಬಾಗಿಲಿಗೇ ಬರುತ್ತದೆ. ಇಡೀ ಗುಂಪು ತಂಪು ನೆರಳಿನಲ್ಲಿ ನಿಂತಿರುತ್ತದೆ. ಆಗ ಯಾರಿಗೂ ಉದ್ದ ನೆರಳಿಲ್ಲ, ಪಾದದ ಸುತ್ತ ಒಂದು ಮಬ್ಬು ಮಾತ್ರ. ಅಂಥ ಫೋಟೊಗೆ ಅಭ್ಯಾಸಬಲದಿಂದ ಓರೆ ನೆರಳು ಬರೆದವರು ಇದ್ದಾರೆ. ಸಾಲಿನಲ್ಲಿ ಅಪ್ಪನೊಬ್ಬರಿಗೇ ಸೂರ್ಯ ಹುಟ್ಟಿದಂತಾಗುತ್ತದೆ.

ಹೊಂಗೆ ಮರದ ಕೆಳಗಿನ ಫೋಟೊ ಇದ್ದರೆ ಬೇರೆಯದನ್ನು ಹುಡುಕಿ ಎನ್ನುತ್ತೇನೆ. ಎಲೆಗಳ ಸಂದಿನಿಂದ ಬೀಳುವ ದುಂಡು ಚುಕ್ಕಿಗಳು ಒಂದೊಂದೂ ಸೂರ್ಯನದೇ ಬಿಂಬ. ಅವು ನೆಲದಿಂದ ಅಪ್ಪನ ಪಂಚೆಗೆ, ಅಂಗಿಗೆ, ಕೆನ್ನೆಗೆ ಹತ್ತಿ ಪಕ್ಕದವರ ಮೇಲೆ ಮುಂದುವರಿಯಬೇಕು. ಕೈಯಲ್ಲಿ ಬರೆದದ್ದು ನಿಜವೆನಿಸುವುದು ಅಪರೂಪ.

ಬೆರಳ ಕೆಳಗಿನ ಕಪ್ಪು

ಉದ್ದ ನೆರಳಿಗಿಂತ ಮುಖ್ಯವಾದದ್ದು ಪಾದದ ಬುಡದ ಸಣ್ಣ ಗೆರೆ. ಬಿಸಿಲಿನ ನೆರಳು ಎಂದೂ ಪೂರ್ತಿ ಕಪ್ಪಲ್ಲ, ಆಕಾಶದ ಬೆಳಕು ಅದರೊಳಗೆ ಬೀಳುತ್ತಲೇ ಇರುತ್ತದೆ. ಹಿಮ್ಮಡಿ, ಹೆಬ್ಬೆರಳು ನೆಲಕ್ಕೆ ಒತ್ತಿದ ಸಂದಿಯಲ್ಲಿ ಮಾತ್ರ ಆಕಾಶವೂ ಕಾಣದು. ಅಲ್ಲಿ ಪಟದಲ್ಲೇ ಅತಿ ಗಾಢವಾದ ಕಪ್ಪು ಒಂದೆರಡು ಪಿಕ್ಸೆಲ್ ಅಗಲಕ್ಕೆ ಇದ್ದು, ಇಂಚಿನೊಳಗೆ ಕರಗಿಹೋಗುತ್ತದೆ. ಅಂಗಾಲಿನ ಒಳಬಾಗು ನೆಲಕ್ಕೆ ತಾಗದ ಕಡೆ ಕಪ್ಪು ಸ್ವಲ್ಪ ಅಗಲವಾಗಿ ಮೆತ್ತಗಿರುತ್ತದೆ. ಈ ಏರಿಳಿತ ಇಲ್ಲದೆ ಪಾದದ ಸುತ್ತ ಸಮನಾಗಿ ಕಪ್ಪು ಬಳಿದರೆ ಅಪ್ಪ ಮಸಿಯಲ್ಲಿ ನಿಂತಂತೆ ಕಾಣುತ್ತಾರೆ.

ಹಾಗಾಗಿ ಎರಡು ನೆರಳು, ಎರಡು ಬೇರೆ ಪದರದಲ್ಲಿ ಮಾಡುವುದು ಒಳ್ಳೆಯದು. ಒಂದರಲ್ಲಿ ಬುಡದ ಗೆರೆ, ಇನ್ನೊಂದರಲ್ಲಿ ಬಿದ್ದ ನೆರಳು. ಫೋಟೊಶಾಪ್‌ನಲ್ಲಾಗಲಿ, ದುಡ್ಡು ಕೊಡದೆ ಸಿಗುವ ಗಿಂಪ್‌ನಲ್ಲಾಗಲಿ ಆ ಪದರಗಳನ್ನು Multiply ಎಂಬ ಬಗೆಗೆ ಇಟ್ಟರೆ ಕೆಳಗಿನ ನೆಲ ಮುಚ್ಚಿಹೋಗದೆ ಬರೀ ಕಪ್ಪಾಗುತ್ತದೆ. ಟೈಲ್ಸ್ ಸಂದು, ರಂಗೋಲಿಯ ಎಳೆ ನೆರಳಿನೊಳಗೂ ಕಾಣುತ್ತಿರಬೇಕು. ಬಣ್ಣವನ್ನು ಅಮ್ಮನ ನೆರಳಿನಿಂದ ಎತ್ತಿಕೊಳ್ಳಬೇಕು. ರಾಜಾಜಿನಗರದ ಹಳೆಯ ಮನೆಗಳ ಕೆಂಪು ಗಾರೆ ನೆಲದಲ್ಲಿ ನೆರಳು ಕಡುಗೆಂಪು, ಬಿಳಿ ಟೈಲ್ಸ್ ಮೇಲೆ ಅದೇ ನೆರಳು ಆಕಾಶದ ನೀಲಿ ಬೆರೆತ ಬೂದು.

ಬಿದ್ದ ನೆರಳಿನ ಅಂಚು ಪಾದದ ಹತ್ತಿರ ಚೂಪಾಗಿದ್ದು ದೂರ ಹೋದಂತೆ ಮೆತ್ತಗಾಗುತ್ತದೆ. ಸೂರ್ಯ ಒಂದು ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ, ಅದಕ್ಕೇ ಹೀಗೆ. ನೆರಳು ಕೊಡುವ ವಸ್ತು ಎಷ್ಟು ದೂರವೋ ಅದರ ಸುಮಾರು ನೂರೆಂಟರಲ್ಲಿ ಒಂದು ಪಾಲು ಅಂಚು ಮಸುಕು. ಬಲತುದಿಯಲ್ಲಿ ನಿಂತ ಅಪ್ಪನ ತಲೆಯಿಂದ ಗೋಡೆಯ ಮೇಲಿನ ತಲೆಯ ನೆರಳಿಗೆ ಬಿಸಿಲಿನ ದಾರಿಯಲ್ಲಿ ಆರಡಿಗೆ ಸ್ವಲ್ಪ ಕಡಿಮೆ. ಅಲ್ಲಿ ಮಸುಕು ಅರ್ಧ ಇಂಚಿಗಿಂತ ತುಸು ಹೆಚ್ಚು, ಪಟದಲ್ಲಿ ಹತ್ತು ಪಿಕ್ಸೆಲ್ ಆಸುಪಾಸು. ಇಡೀ ನೆರಳಿಗೆ ಒಂದೇ ಸಮ ಮಸುಕು ಕೊಡುವುದು ಅತಿ ಸಾಮಾನ್ಯ ತಪ್ಪು. ಅದರಿಂದ ಹಿಮ್ಮಡಿಯ ಹತ್ತಿರದ ಅಂಚೂ ಕರಗಿ, ಅಪ್ಪ ಮತ್ತೆ ತೇಲತೊಡಗುತ್ತಾರೆ.

ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ನಿಂತಿದ್ದರೆ ನೆರಳಿನ ಜೊತೆ ಪ್ರತಿಬಿಂಬವೂ ಬೇಕು. ಪಾದದ ತಲೆಕೆಳಗಾದ ಬಿಂಬ, ಪಾದ ಮುಗಿದಲ್ಲೇ ಶುರುವಾಗಬೇಕು.

ಯಾವ ಫೋಟೊದ ಅಪ್ಪ

ಇಷ್ಟೆಲ್ಲ ಮಾಡಿದರೂ ಅಪ್ಪನ ಮುಖದ ಮೇಲಿನ ಬೆಳಕು ಬೇರೆ ಪಕ್ಕದಿಂದ ಬಂದಿದ್ದರೆ ಏನೂ ಪ್ರಯೋಜನವಿಲ್ಲ. ನಮ್ಮ ಫೋಟೊದಲ್ಲಿ ಬೆಳಕು ನೋಡುವವರ ಎಡದಿಂದ ಬರುತ್ತಿದೆ. ಎಲ್ಲರ ಮೂಗಿನ ನೆರಳು ಅವರವರ ಎಡ ಕೆನ್ನೆಯ ಕಡೆಗೆ ಇಳಿದಿದೆ. ಅಪ್ಪನ ಹಳೆಯ ಫೋಟೊಗಳಲ್ಲೂ ಹಾಗಿರುವುದನ್ನೇ ಹುಡುಕಬೇಕು. ಮುಖ ಸುಂದರವಾಗಿ ಬಂದದ್ದಕ್ಕಿಂತ ಇದು ಮುಖ್ಯ. ಕಲ್ಯಾಣಮಂಟಪದಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೊ ಎಷ್ಟೇ ಸ್ಪಷ್ಟವಿದ್ದರೂ ಅದರಲ್ಲಿ ಮುಖ ಚಪ್ಪಟೆ, ಬಿಸಿಲಿಗೆ ಹೊಂದುವುದಿಲ್ಲ. ಕೈಯಳತೆ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದು, ಕಿವಿ ಸಣ್ಣದು. ಹನ್ನೆರಡು ಅಡಿ ದೂರದಿಂದ ತೆಗೆದವರ ಮಧ್ಯೆ ಆ ಮುಖ ಇಟ್ಟರೆ ಅಳತೆ ಸರಿಯಿದ್ದರೂ ಮುಖ ಮಾತ್ರ ಮುಂದೆ ಬಂದಂತಿರುತ್ತದೆ, ಅದನ್ನು ತಿದ್ದುವುದು ಬಲು ಕಷ್ಟ.

ಬೆಳಕು ಬಲದಿಂದ ಬಂದಿದೆ, ಕನ್ನಡಿಯಂತೆ ತಿರುಗಿಸಿಬಿಡೋಣ ಎನ್ನುವವರು ಒಂದು ಕ್ಷಣ ತಡೆಯಬೇಕು. ತಿರುಗಿಸಿದರೆ ಬೈತಲೆ ಪಕ್ಕ ಬದಲಾಗುತ್ತದೆ, ಅಂಗಿಯ ಗುಂಡಿ ಪಟ್ಟಿ ತಿರುಗುತ್ತದೆ, ಎಡಗೈ ವಾಚು ಬಲಗೈಗೆ ಹೋಗುತ್ತದೆ, ಜನಿವಾರ ಬಲ ಹೆಗಲಿಗೆ ಏರುತ್ತದೆ. ಅಜ್ಜಿಯ ಫೋಟೊ ಆದರೆ ಸೆರಗೇ ಪಕ್ಕ ಬದಲಿಸುತ್ತದೆ. ಕೆನ್ನೆಯ ಮಚ್ಚೆ ಪಕ್ಕ ತಪ್ಪಿದ್ದನ್ನು ಸ್ಟುಡಿಯೊದವರು ಗಮನಿಸದಿರಬಹುದು, ಐವತ್ತು ವರ್ಷ ಸಂಸಾರ ಮಾಡಿದವರು ಗಮನಿಸುತ್ತಾರೆ.

ಚಿಕ್ಕಪ್ಪ ನಿಂತ ಜಾಗ

ಹೆಚ್ಚಿನ ಹಳೆಯ ಫೋಟೊಗಳಲ್ಲಿ ಸೊಂಟದ ಕೆಳಗೆ ಏನೂ ಇಲ್ಲ. ಇದ್ದರೂ ಚಪ್ಪಲಿ ಹಾಕಿರುತ್ತಾರೆ, ಗೃಹಪ್ರವೇಶದಲ್ಲಿ ಎಲ್ಲರೂ ಬರಿಗಾಲು. ಮೊಮ್ಮಗನನ್ನು ಮುಂದೆ ನಿಲ್ಲಿಸಿ ಕಾಲು ಮರೆಮಾಡುವುದು ಒಂದು ಉಪಾಯ. ಇದಕ್ಕಿಂತ ಒಳ್ಳೆಯದೊಂದು ಇದೆ, ಆದರೆ ಅದನ್ನು ಫೋಟೊ ತೆಗೆಯುವ ದಿನವೇ ಮಾಡಬೇಕು.

ಅಪ್ಪನ ಮೈಕಟ್ಟಿಗೆ ಹತ್ತಿರವಾದ ಒಬ್ಬರನ್ನು, ಚಿಕ್ಕಪ್ಪನನ್ನೋ ಸೋದರಮಾವನನ್ನೋ, ಪಂಚೆ ಉಡಿಸಿ ಅಮ್ಮನ ಬಲಗಡೆ ನಿಲ್ಲಿಸಿ. ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು ಒಂದು ಫೋಟೊ ತೆಗೆಯಿರಿ. ಯಾರೂ ಅಲುಗಾಡದೆ ಚಿಕ್ಕಪ್ಪ ಮಾತ್ರ ಆಚೆ ಬರಲಿ, ಇನ್ನೊಂದು ತೆಗೆಯಿರಿ. ಎರಡೂ ಒಂದೆರಡು ನಿಮಿಷದೊಳಗೆ ಆಗಬೇಕು, ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸಾಗುತ್ತಾನೆ. ಈಗ ನಿಮ್ಮ ಕೈಯಲ್ಲಿ ನಿಜವಾದ ಪಾದ, ಬೆರಳ ಕೆಳಗಿನ ನಿಜವಾದ ಕಪ್ಪು, ಅಮ್ಮನ ಸೀರೆಯ ಹಿಂದೆ ಸರಿಯುವ ನಿಜವಾದ ನೆರಳು, ಬಿಳಿ ಪಂಚೆಯಿಂದ ಸೀರೆಯ ಅಂಚಿಗೆ ಚಿಮ್ಮಿದ ನಿಜವಾದ ಬೆಳಕು ಇವೆಲ್ಲ ಇವೆ. ಸೇರಿಸಬೇಕಾದದ್ದು ಅಪ್ಪನ ತಲೆ, ಹೆಗಲು, ಕೈ ಅಷ್ಟೇ. ಖಾಲಿ ಜಾಗದ ಫೋಟೊ ಏಕೆ ಬೇಕೆಂದರೆ ಚಿಕ್ಕಪ್ಪನ ಹೆಗಲು ಅಪ್ಪನಿಗಿಂತ ಅಗಲವಿದ್ದ ಕಡೆ ಹಿಂದಿನ ಗೋಡೆ ತುಂಬಲು. ಕೆಳಗಿನ ಕಾಲು ತಮ್ಮನದು, ಮೇಲಿನ ಮುಖ ಅಣ್ಣನದು. ಇದರಲ್ಲಿ ಮುಚ್ಚಿಡಬೇಕಾದದ್ದು ಏನೂ ಇಲ್ಲ.

2020ರ ಆಗಸ್ಟ್‌ನಲ್ಲಿ ಕೊಪ್ಪಳದ ಉದ್ಯಮಿಯೊಬ್ಬರ ಮನೆಯ ಗೃಹಪ್ರವೇಶದ ಫೋಟೊಗಳು ದೇಶವೆಲ್ಲ ಸುತ್ತಿದ್ದು ನೆನಪಿರಬಹುದು. 2017ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದ ಪತ್ನಿಯ ಸಿಲಿಕೋನ್ ಪ್ರತಿಮೆಯನ್ನು ಬೆಂಗಳೂರಿನ ಕಲಾವಿದರಿಂದ ಮಾಡಿಸಿ, ಸೀರೆ ಉಡಿಸಿ, ಸೋಫಾದಲ್ಲಿ ಕೂರಿಸಿದ್ದರು. ಪತಿ, ಹೆಣ್ಣುಮಕ್ಕಳು ಪಕ್ಕ ಕುಳಿತ ಆ ಚಿತ್ರ ನೋಡಿ ಜನ ಬೆರಗಾದದ್ದು ಮುಖದ ಹೋಲಿಕೆಗೆ. ನನಗೆ ಅನಿಸುವುದು, ಅದು ಅಷ್ಟು ಸಹಜವಾಗಿ ಕಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ಆಕೃತಿ ಆ ಸೋಫಾದಲ್ಲೇ ಇತ್ತು. ಅದೇ ಕೋಣೆಯ ಬೆಳಕು ಅದರ ಮೇಲೂ ಬಿದ್ದಿತ್ತು, ನೆರಳು ತಾನೇ ಬಿದ್ದಿತ್ತು. ಯಾರೂ ಏನನ್ನೂ ಲೆಕ್ಕ ಹಾಕಬೇಕಾಗಿರಲಿಲ್ಲ. ಚಿಕ್ಕಪ್ಪನನ್ನು ನಿಲ್ಲಿಸುವುದರಿಂದ ದಕ್ಕುವುದೂ ಇದೇ.

ಸಿಯಾಟಲ್‌ನಲ್ಲಿರುವ ಮಗ

ಇಲ್ಲದವರು ತೀರಿಕೊಂಡವರೇ ಆಗಬೇಕೆಂದಿಲ್ಲ. ರಜೆ ಸಿಗದ ಮಗನೋ ವೀಸಾ ಸಿಗದ ಮಗಳೋ ಆಗಿರಬಹುದು. ಆಗ ಹೊಸ ಫೋಟೊ ತೆಗೆಸುವ ಅನುಕೂಲವಿದೆ, ಅಳತೆ ಹೇಳಿ ಕಳಿಸಬಹುದು. ಹನ್ನೆರಡು ಅಡಿ ದೂರ, ಐದಡಿ ಎತ್ತರ, ಬರಿಗಾಲು, ತೆಗೆಯುವವರ ಬೆನ್ನ ಹಿಂದೆ ಎಡಕ್ಕೆ ಸೂರ್ಯ. ಇಷ್ಟು ಹೇಳಿದರೂ ಒಂದು ತೊಡಕು ಉಳಿಯುತ್ತದೆ. ಸೂರ್ಯ 37 ಡಿಗ್ರಿ ಮೇಲಿರಬೇಕು. ಸಿಯಾಟಲ್‌ನಲ್ಲಿ ಫೆಬ್ರವರಿ ಎರಡನೇ ವಾರ ನಡುಹಗಲಿಗೂ ಅವನು 30 ಡಿಗ್ರಿ ದಾಟುವುದಿಲ್ಲ. ಮಾರ್ಚ್ ಮೊದಲ ವಾರ ಕಳೆಯುವವರೆಗೆ ಅಲ್ಲಿ ಕೆಂಗೇರಿಯ ಒಂಬತ್ತೂವರೆಯ ಬಿಸಿಲು ಯಾವ ಹೊತ್ತಿನಲ್ಲೂ ಬರದು. ಡಲ್ಲಾಸ್‌ನಲ್ಲಿದ್ದರೆ ಅದೇ ವಾರ ಮಧ್ಯಾಹ್ನದ ಹೊತ್ತಿಗೆ ಸುಮಾರು 43 ಡಿಗ್ರಿವರೆಗೆ ಏರುತ್ತಾನೆ, ಅದಕ್ಕೆ ಸ್ವಲ್ಪ ಮುಂಚೆ ತೆಗೆದರೆ ಸರಿಹೋಗುತ್ತದೆ.

ನಮ್ಮೂರಿನ ಸೂರ್ಯನೂ ಸುಮ್ಮನಿಲ್ಲ. ವರ್ಷಕ್ಕೆರಡು ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಇವೆರಡು ದಿನಗಳ ನಡುವೆ ನಡುಹಗಲ ನೆರಳು ದಕ್ಷಿಣಕ್ಕೆ ಬೀಳುತ್ತದೆ, ವರ್ಷದ ಉಳಿದ ದಿನ ಉತ್ತರಕ್ಕೆ. ಡಿಸೆಂಬರ್‌ನ ಮಧ್ಯಾಹ್ನ ಮನೆ ಮುಂದೆ ತೆಗೆದ ಅಪ್ಪನನ್ನು ಜೂನ್ ಮಧ್ಯಾಹ್ನದ ಫೋಟೊಗೆ ಸೇರಿಸಿದರೆ, ಮನೆ ಅದೇ, ಹೊತ್ತು ಅದೇ ಆದರೂ ಬೆಳಕು ಎದುರು ದಿಕ್ಕಿನದು.

ಕಾಗದ ಮುಚ್ಚಿ ನೋಡುವುದು

ಕೆಲಸ ಮುಗಿಯಿತೆನಿಸಿದಾಗ ದಿಕ್ಕು ಪರೀಕ್ಷಿಸಲು ಒಂದು ಅಳತೆಪಟ್ಟಿ ಸಾಕು. ಅಳಿಯನ ತಲೆಯಿಂದ ಗೋಡೆಯ ಮೇಲಿನ ಅವನ ತಲೆಯ ನೆರಳಿಗೆ ಒಂದು ಗೆರೆ ಎಳೆದು ಮುಂದುವರಿಸಿ. ಮೊಮ್ಮಗಳ ಕೈಗೂ ಕೈಯ ನೆರಳಿಗೂ ಇನ್ನೊಂದು. ಸೂರ್ಯ ಬೆನ್ನ ಹಿಂದೆ ಇದ್ದಾಗ ಈ ಗೆರೆಗಳೆಲ್ಲ ಚೌಕಟ್ಟಿನ ಕೆಳಗೆ, ಬಲಕ್ಕೆ, ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಫೋಟೊ ತೆಗೆದ ಮೊಬೈಲಿನ ನೆರಳು ಬೀಳುವ ಬಿಂದು ಅದು. ನೆರಳು ನೆಲದ ಮೇಲಿದ್ದರೂ ಗೋಡೆಯ ಮೇಲಿದ್ದರೂ ಈ ನಿಯಮ ತಪ್ಪುವುದಿಲ್ಲ. ಅಪ್ಪನ ನೆರಳಿನ ಕಾಣುವ ತುಂಡಿನಲ್ಲಿ ಪಂಚೆಯ ಅಂಚನ್ನೋ ಮೊಣಕೈಯನ್ನೋ ಗುರುತಿಸಿ ಗೆರೆ ಎಳೆದರೆ ಅದೂ ಅಲ್ಲಿಗೇ ಬರಬೇಕು.

ಆಮೇಲೆ ಹತ್ತು-ಹನ್ನೆರಡು ಇಂಚಿನ ಒಂದು ಪ್ರಿಂಟ್ ತೆಗೆಸಿ. ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ ಕಾಣುವ ದೋಷ ಬೇರೆ, ಗೋಡೆಯ ಮೇಲೆ ಕಾಣುವ ದೋಷ ಬೇರೆ. ಎಲ್ಲರ ಮೊಣಕಾಲಿನಿಂದ ಮೇಲಕ್ಕೆ ಒಂದು ಬಿಳಿ ಕಾಗದ ಮುಚ್ಚಿ, ಈ ಕೆಲಸದ ಗಂಧಗಾಳಿ ಇಲ್ಲದ ಯಾರಾದರೊಬ್ಬರನ್ನು ಕರೆಯಿರಿ. ಸೀರೆಯ ಅಂಚುಗಳು, ಪಂಚೆಗಳು, ಮಕ್ಕಳ ಗೆಜ್ಜೆ ಕಾಲು, ಒಂದು ಸಾಲು ಪಾದಗಳು ಮಾತ್ರ ಕಾಣುತ್ತಿರಲಿ. ಇವರಲ್ಲಿ ಆಮೇಲೆ ಬಂದು ನಿಂತವರು ಯಾರು ಎಂದು ಕೇಳಿ. ಅವರು ಅಳಿಯನನ್ನು ತೋರಿಸಿದರೆ ಕಾಗದ ತೆಗೆಯಬಹುದು.